ಯಾದಿಯ ಏಳನೆಯ ಸಾಲು

ಆ ಯಾದಿ, ಮನೆಯ ಕಾಗದಪತ್ರಗಳ ಪಟ್ಟಿ, ನನ್ನ ಕೈಬರಹದಲ್ಲಿದೆ. ನೋಟುಬುಕ್ಕಿನ ಮೊದಲ ಎರಡು ಪುಟಗಳಲ್ಲಿ ಹದಿನಾಲ್ಕು ಸಾಲು, ಪ್ರತಿ ಪುಟದ ಕೆಳಗೆ ಮಾವನವರ ಮರಾಠಿ ಸಹಿ. ಸಾಲುಗಳು ಕನ್ನಡದಲ್ಲಿವೆ, ಸಹಿ ಮರಾಠಿಯಲ್ಲಿದೆ. ನಡೆದದ್ದೆಲ್ಲ ಈ ವ್ಯತ್ಯಾಸದಿಂದಲೇ ನಡೆಯಿತೆಂದು ಈಗ ಹೇಳಬಲ್ಲೆ. ಬರೆಯುವಾಗ ಅದು ನನಗೆ ಹೊಳೆದಿರಲಿಲ್ಲ.

ನಾನು ಗೋಕಾಕ ಕಡೆಯವಳು, ಓದಿದ್ದು ಕನ್ನಡ ಶಾಲೆಯಲ್ಲಿ. ಮದುವೆಯಾಗಿ ಇಚಲಕರಂಜಿಗೆ ಬಂದೆ. ಮಾವನವರು ಚಿಕ್ಕಂದಿನಲ್ಲೇ ಮಗ್ಗದ ಕೆಲಸ ಹುಡುಕಿಕೊಂಡು ಅಲ್ಲಿಗೆ ಬಂದವರು. ದುಡಿದು ಒಂದು ಮನೆ ಕೊಂಡಿದ್ದರು. ಮುಂದಿನ ಪಡಸಾಲೆಯಲ್ಲಿ ನಾಲ್ಕು ಪವರಲೂಮ್, ನಡುವೆ ನಮ್ಮ ಸಂಸಾರ, ಹಿಂದೆ ಎರಡು ಸಣ್ಣ ಕೋಣೆ. ಆ ಎರಡು ಕೋಣೆಗಳಲ್ಲಿ ಅವರ ತಂಗಿ ಇದ್ದರು. ಗಂಡ ತೀರಿಕೊಂಡ ಮೇಲೆ ಅಣ್ಣನ ಆಸರೆಗೆ ಬಂದವರು, ಮಕ್ಕಳಿಲ್ಲ. ಮನೆಯಲ್ಲಿ ಎಲ್ಲರೂ ಅವರನ್ನು ಮರಾಠಿಯವರಂತೆ ಆತ್ಯಾ ಎಂದೇ ಕರೆಯುತ್ತಿದ್ದೆವು. ಮಾವನವರು, ನನ್ನ ಗಂಡ, ಕೊಲ್ಹಾಪುರದಲ್ಲಿ ಕಾರ್ಖಾನೆಯ ಕೆಲಸದಲ್ಲಿರುವ ನನ್ನ ಭಾವ, ಮೂವರೂ ಮನೆಯಲ್ಲಿ ಕನ್ನಡ ಆಡುತ್ತಾರೆ. ಆದರೆ ಕಲಿತದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಅಕ್ಷರ ಒಂದೂ ಬರುವುದಿಲ್ಲ. ಆತ್ಯಾನಿಗೆ ಯಾವ ಅಕ್ಷರವೂ ಬರುವುದಿಲ್ಲ.

ಮಾವನವರಿಗೆ ಹೃದಯದ ಆಪರೇಶನ್ ನಿಗದಿಯಾದ ವಾರ ಅವರು ನನ್ನನ್ನು ಕರೆದು ಕೂರಿಸಿಕೊಂಡರು. ಅತ್ತೆಯವರು ತೀರಿಕೊಂಡು ಆಗ ಒಂದು ವರ್ಷವಾಗಿತ್ತು. ಆ ದಿನ ಮಗ್ಗಗಳಿಗೆ ವಾರದ ರಜೆ. ಹಾಗಾಗಿ ಗದ್ದಲದಲ್ಲಿ ಕೇಳಿಸಲಿಲ್ಲ ಎಂದು ನಾನು ಹೇಳುವಂತಿಲ್ಲ.

"ಬರಕೋವಾ," ಎಂದರು. "ಯಾವ ಕಾಗದ, ಅಸಲ ಐತೋ ಝೆರಾಕ್ಸ ಐತೋ, ಎಲ್ಲಿ ಐತಿ. ಗೆರಿ ಎಳದ ಮೂರು ಮನಿ ಮಾಡು. ನಾ ಹೋದ ಮ್ಯಾಲ ಯಾರೂ ಕಪಾಟ ಕಿತ್ತಿ ಹುಡಕೂದ ಬ್ಯಾಡ."

"ಹಂಗ್ಯಾಕ ಅಂತೀರಿ ಮಾಂವಾರ."

"ಅಂದ್ರ ಸಾಯ್ತೇನೇನು? ಬರಿ."

ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಮನೆಯ ಖರೇದಿ ಪತ್ರ, ಅಸಲು, ಕಪಾಟಿನ ಒಳಗಿನ ಲಾಕರು, ಹಳದಿ ಪ್ಲಾಸ್ಟಿಕ್ ಚೀಲ. ಪ್ರಾಪರ್ಟಿ ಕಾರ್ಡು, ನಕಲು, ಅದೇ ಚೀಲ. ಅಸಲು ದಾಖಲೆ ಸಿಟಿ ಸರ್ವೆ ಆಫೀಸಿನಲ್ಲಿರುತ್ತದೆ. ಮನೆಪಟ್ಟಿ ಕಟ್ಟಿದ ಪಾವತಿಗಳು, ದೇವರ ಜಗಲಿಯ ಕೆಳಗಿನ ಪೆಟ್ಟಿಗೆ. ಮಗ್ಗದ ಕರೆಂಟು ಮೀಟರಿನ ಕಾಗದ, ಮಗ್ಗ ಕೊಂಡ ರಸೀದಿ, ಅದೇ ಪೆಟ್ಟಿಗೆ. ಆರನೆಯದು ಅತ್ತೆಯವರ ಆಧಾರ್ ಮತ್ತು ಪಾಸಬುಕ್. ಆಮೇಲೆ ಹೇಳಿದರು:

"ಏಳು. ಮೃತ್ಯುಪತ್ರ. ಅಸಲ. ಗಡಹಿಂಗ್ಲಜ, ಮಾಮಾನ ಹತ್ತರ."

ಮಾಮಾ ಎಂದರೆ ಅತ್ತೆಯವರ ತಮ್ಮ, ಗಡಹಿಂಗ್ಲಜದಲ್ಲಿ ಮೆಣಸಿನಕಾಯಿ ವ್ಯಾಪಾರಿ. ಅತ್ತೆಯವರು ತೀರಿಕೊಂಡದ್ದು ಗಡಹಿಂಗ್ಲಜದ ದವಾಖಾನೆಯಲ್ಲಿ, ಸಾವು ನೋಂದಾದದ್ದು ಅಲ್ಲಿಯ ನಗರಪರಿಷತ್ತಿನಲ್ಲಿ. ನನ್ನ ಕೈ ತಡೆಯಲಿಲ್ಲ. ಮೃತ್ಯು ಎಂದರೆ ಮರಣ, ಪತ್ರ ಎಂದರೆ ಕಾಗದ. ಆರನೆಯ ಸಾಲು ಅತ್ತೆಯವರದು, ಏಳನೆಯದೂ ಅವರದೇ ಎಂದುಕೊಂಡೆ. ಮಾವನವರ ಬಾಯಲ್ಲಿ ಬಂದ ಶಬ್ದ ಬಿಟ್ಟು ನನ್ನ ಶಾಲೆಯ ಶುದ್ಧ ಕನ್ನಡದಲ್ಲಿ, ಚಂದ ಕಾಣಲೆಂದು, ಹೀಗೆ ಬರೆದೆ: ಅತ್ತೆಯವರ ಮರಣದ ದಾಖಲೆ, ಅಸಲು, ಗಡಹಿಂಗ್ಲಜ, ಮಾಮಾ.

ಮೃತ್ಯುಪತ್ರ ಎಂದರೆ ಮರಾಠಿಯಲ್ಲಿ ಉಯಿಲು. ಬದುಕಿರುವಾಗಲೇ ಮನುಷ್ಯ ತನ್ನ ಆಸ್ತಿ ಯಾರಿಗೆ ಎಂದು ಬರೆದಿಡುವ ಕಾಗದ. ಆ ಊರಿನಲ್ಲಿ ಅಷ್ಟು ವರ್ಷ ಇದ್ದೂ ನನಗೆ ಅದು ಗೊತ್ತಿರಲಿಲ್ಲ. ಸಂತೆಯ ಮರಾಠಿ, ಶಾಲೆಯ ಫೀ ಕಟ್ಟುವ ಮರಾಠಿ ಬರುತ್ತಿತ್ತು. ಕಚೇರಿಯ ಮರಾಠಿ ಬೇಕಾಗಿಯೇ ಇರಲಿಲ್ಲ.

ಹದಿನಾಲ್ಕೂ ಮುಗಿದ ಮೇಲೆ ಮಾವನವರು ನೋಟುಬುಕ್ಕನ್ನು ಕೈಗೆ ತೆಗೆದುಕೊಂಡರು. ಓದಲು ಬರುವುದಿಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು. "ಅಕ್ಷರ ಮುತ್ತಿನಂಗ ಅದಾವ," ಎಂದು ಎರಡೂ ಪುಟಕ್ಕೆ ಸಹಿ ಹಾಕಿದರು. ಬರೆದದ್ದನ್ನು ಓದಿ ಹೇಳು ಎಂದು ಅವರು ಕೇಳಲಿಲ್ಲ, ಓದಲೇ ಎಂದು ನಾನೂ ಕೇಳಲಿಲ್ಲ.

ಆಪರೇಶನ್ ಆಗಿ ಒಂಬತ್ತನೆಯ ದಿನ ಅವರು ತೀರಿಕೊಂಡರು.

ಹದಿಮೂರರ ತಿಥಿಯ ದಿನ ಊಟ ಮುಗಿಸಿ ಹೊರಡುವಾಗ ಮಾಮಾ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದ್ದರು, "ಮೃತ್ಯುಪತ್ರದ್ದ ಏನರ ಮಾತ ಬಂತೇನ?" ಆ ಹೊತ್ತಿಗೆ ಮಾವನವರ ಮರಣದ ದಾಖಲೆ ನಗರಪಾಲಿಕೆಯಿಂದ ಬಂದಿತ್ತು. "ಹೌದ್ರಿ ಮಾಮಾ, ಬಂದೈತಿ, ನಾಕ ಕಾಪಿ ತಗಸೇವಿ," ಎಂದೆ. ಅವರು ನನ್ನ ಮುಖವನ್ನೇ ನೋಡಿ, "ಆತ ಬಿಡು," ಎಂದು ಹೋದರು. ಅವರು ಯಾಕೆ ಹಾಗೆ ನೋಡಿದರೆಂದು ನನಗೆ ತಿಳಿಯಲಿಲ್ಲ.

ಮೂರು ತಿಂಗಳ ಮೇಲೆ ಭಾವ ಕೊಲ್ಹಾಪುರದಿಂದ ಬಂದರು. ಅವರದು ಬಾಡಿಗೆ ಮನೆ, ಫ್ಲ್ಯಾಟು ನೋಡಿಟ್ಟಿದ್ದರು. ನಮ್ಮ ಪಕ್ಕದ ಮಗ್ಗದ ಮಾಲೀಕ ಇಡೀ ಜಾಗ ಕೇಳಿದ್ದ. ಖಾಲಿ ಬೇಕು, ಹಿಂದಿನ ಕೋಣೆಗಳೂ ಸೇರಿ ಬೇಕು ಎಂದಿದ್ದ. ಅದಕ್ಕೆ ಮೊದಲು ಪ್ರಾಪರ್ಟಿ ಕಾರ್ಡಿನಲ್ಲಿ ಮಾವನವರ ಹೆಸರು ತೆಗೆದು ವಾರಸುದಾರರ ಹೆಸರು ಹಾಕಿಸಬೇಕು. ಗಂಡುಮಕ್ಕಳಿಬ್ಬರೇ, ಹೆಣ್ಣುಮಕ್ಕಳಿಲ್ಲ. ಮಕ್ಕಳಿರುವಾಗ ಸತ್ತವನ ತಂಗಿ ಕಾನೂನಿನಲ್ಲಿ ವಾರಸುದಾರಳಲ್ಲ.

ಆತ್ಯಾ ನಡುಮನೆಯ ಹೊಸ್ತಿಲಲ್ಲಿ ಕುಳಿತಿದ್ದರು. "ಹಿಂದಿನ ಎರಡ ಖೋಲಿ ನನಗ ಬರದಿಟ್ಟಾನ ನಮ್ಮಣ್ಣ," ಎಂದರು.

"ಎಲ್ಲಿ ಬರದಿಟ್ಟಾನ ಆತ್ಯಾ? ಗ್ವಾಡಿ ಮ್ಯಾಲೇನ?" ಎಂದರು ಭಾವ.

"ಎಲ್ಲಿ ಅಂತ ನನಗೇನ ಗೊತ್ತೋ. ಯಾದಿಯಾಗ ಐತಿ ತಂಗಿ, ನೀ ಅಂಜಬ್ಯಾಡ ಅಂದಿದ್ದ."

ಭಾವ ನನ್ನ ಕಡೆ ತಿರುಗಿದರು. "ಓದವಾ. ಎಲ್ಲಾರೂ ಕೇಳಲಿ."

ನಾನು ನಿಂತು ಓದಿದೆ. ಹದಿನಾಲ್ಕು ಸಾಲಿನಲ್ಲೂ ಆತ್ಯಾನ ಹೆಸರಿಲ್ಲ, ಎರಡು ಕೋಣೆಯ ಮಾತಿಲ್ಲ. ಆತ್ಯಾ ಇನ್ನೊಮ್ಮೆ ಓದು ಎಂದರು. ಓದಿದೆ. ಮೂರನೆಯ ಸಲ ಅವರು ಎದ್ದು ನನ್ನ ಪಕ್ಕಕ್ಕೆ ಬಂದು, ನನ್ನ ಬೆರಳು ಓಡುವ ಕಡೆಗೆಲ್ಲ ಕಣ್ಣು ಓಡಿಸಿದರು. ಏಳನೆಯ ಸಾಲಿನ ಮೇಲೂ ನನ್ನ ಬೆರಳು ಹೋಯಿತು. ಅವರ ಕಣ್ಣೂ ಹೋಯಿತು.

"ನಮ್ಮಣ್ಣ ಸುಳ್ಳ ಹೇಳಾವಲ್ಲ," ಎಂದಷ್ಟೇ ಹೇಳಿ ಹಿಂದಿನ ಕೋಣೆಗೆ ಹೋದರು. ಆ ದಿನದಿಂದ ಅವರು ತಮ್ಮ ಒಲೆ ಬೇರೆ ಹೂಡಿದರು. ನನ್ನ ಕೈಯ ಚಹಾ ಕುಡಿಯಲಿಲ್ಲ.

ಮರುವಾರ ಸಿಟಿ ಸರ್ವೆ ಆಫೀಸಿನ ಹೊರಗಿನ ಟೈಪಿಸ್ಟನ ಟಪರಿ ಅಂಗಡಿಗೆ ಭಾವ, ನನ್ನ ಗಂಡ, ನಾನು ಮೂವರೂ ಹೋದೆವು. ಅರ್ಜಿಯ ಜೊತೆ ಅಣ್ಣತಮ್ಮಂದಿರ ಅಫಿಡೆವಿಟ್ ಬೇಕಿತ್ತು. ಯಾದಿ ನನ್ನ ಚೀಲದಲ್ಲಿತ್ತು, ಯಾವ ಕಾಗದ ಕೇಳಿದರೂ ಎಲ್ಲಿದೆ ಎಂದು ಹೇಳಲು. ಟೈಪಿಸ್ಟ್ ಕೀಲಿ ಒತ್ತುತ್ತಲೇ, ತಂದೆಯವರು ಮೃತ್ಯುಪತ್ರ ಮಾಡಿದ್ದರೇ ಎಂದು ಮರಾಠಿಯಲ್ಲಿ ಕೇಳಿದ, "ವಡಿಲಾಂನೀ ಮೃತ್ಯುಪತ್ರ ಕೇಲಂ ಹೋತಂ ಕಾ?"

"ನಾಹೀ," ಎಂದರು ಭಾವ.

"ಬರಂ. ಮೃತ್ಯೂ ದಾಖಲಾ?"

"ಹಾ, ಹಾ ಘ್ಯಾ." ಭಾವ ಮಾವನವರ ಮರಣದ ದಾಖಲೆಯನ್ನು ಅವನ ಮುಂದಿಟ್ಟರು.

ಒಂದಕ್ಕೆ ಇಲ್ಲ, ಒಂದಕ್ಕೆ ಇದೆ. ಹಾಗಾದರೆ ಎರಡೂ ಒಂದೇ ಕಾಗದವಲ್ಲ. ನನಗೆ ಮೊದಲು ಅರ್ಥವಾದದ್ದು ಇಷ್ಟೇ. ನನ್ನ ಹರಕು ಮರಾಠಿಯಲ್ಲಿ ಟೈಪಿಸ್ಟನನ್ನು ಕೇಳಿದೆ, ಎರಡಕ್ಕೂ ಏನು ಫರಕು?

ಅವನು ನಕ್ಕ. "ವಹಿನೀ, ದಾಖಲಾ ಸರಕಾರ ದೇತಂ, ಮಾಣೂಸ ಮೇಲ್ಯಾವರ. ಪತ್ರ ಮಾಣೂಸ ಸ್ವತಃ ಲಿಹಿತೋ, ಜಿವಂತಪಣೀ." ದಾಖಲೆಯನ್ನು ಸರಕಾರ ಕೊಡುತ್ತದೆ, ಮನುಷ್ಯ ಸತ್ತ ಮೇಲೆ. ಪತ್ರವನ್ನು ಮನುಷ್ಯ ತಾನೇ ಬರೆಯುತ್ತಾನೆ, ಬದುಕಿರುವಾಗ.

ಪ್ರಿಂಟರಿನಿಂದ ಅಫಿಡೆವಿಟ್ ಹೊರಗೆ ಬರುತ್ತಿತ್ತು. ಮಾವನವರು ಮೃತ್ಯುಪತ್ರ ಮಾಡಿಲ್ಲ, ನಾವಿಬ್ಬರೇ ವಾರಸುದಾರರು, ಬೇರೆ ಯಾರಿಗೂ ಹಕ್ಕಿಲ್ಲ ಎಂದು ಪ್ರಮಾಣ ಮಾಡಿ ಹೇಳುವ ಕಾಗದ. ನನ್ನ ಗಂಡ ಪೆನ್ನು ತೆಗೆದರು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಸಾಲಿಗೆ ಮಾವನವರು ಹೇಳಿದ ಶಬ್ದ ಕೇಳಿದವಳು ನಾನೊಬ್ಬಳೇ. ಒಂದು ಕ್ಷಣ ಆ ಲೆಕ್ಕ ನನ್ನ ತಲೆಯಲ್ಲಿ ಬಂದು ಹೋದದ್ದು ನಿಜ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

"ಸಹಿ ಮಾಡಬ್ಯಾಡ್ರಿ," ಎಂದೆ. "ಏಳನೇ ಸಾಲ ನಾ ತಪ್ಪ ಬರದೇನಿ. ಮಾಂವಾರ ಮೃತ್ಯುಪತ್ರ ಅಂದಿದ್ರು. ನಾ ಅದನ್ನ ಮರಣದ ದಾಖಲೆ ಅಂತ ಬರದೆ. ಅಸಲ ಗಡಹಿಂಗ್ಲಜಕ್ಕ ಮಾಮಾನ ಹತ್ರ ಐತಿ."

ಭಾವ ದನಿ ಏರಿಸದೆ ಹೇಳಿದರು. "ಬರದಾಕಿನೂ ನೀನ, ಓದಾಕಿನೂ ನೀನ. ಇವತ್ತೊಂದ ಓದ್ತಿ, ನಾಳೆ ಒಂದ ಓದ್ತಿ. ಆತ್ಯಾ ಏನ ಕೊಟ್ಟಾಳವಾ ನಿನಗ?"

"ಭಾವಾರ, ಆತ್ಯಾ ನನ್ನ ಜೋಡಿ ಮಾತ ಬಿಟ್ಟ ಎಂಟ ದಿನ ಆತು."

ನನ್ನ ಗಂಡ ಪೆನ್ನಿಗೆ ಟೋಪಿ ಹಾಕಿ ಜೇಬಿಗಿಟ್ಟುಕೊಂಡರು. "ಒಂದ ಫೋನ ಹಚ್ಚೂಣು," ಎಂದರು.

ಮಾಮಾ ಫೋನು ಎತ್ತಿದರು. ವಿಷಯ ಕೇಳಿ, "ಇದು ಫೋನಿನ ಮ್ಯಾಲ ಆಡೂ ಮಾತಲ್ಲ. ಯಾದಿ ತಗೊಂಡ ಬರ್ರಿ. ಇಬ್ಬರೂ ಬರ್ರಿ," ಎಂದು ಇಟ್ಟುಬಿಟ್ಟರು. ಇದೆ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಭಾವ ಗೆಳೆಯನ ಕಾರು ತಂದರು. ಸಂಕೇಶ್ವರದಲ್ಲಿ ಹೆದ್ದಾರಿ ಬಿಟ್ಟು ತಿರುಗುವಾಗ ಭಾವ ಕನ್ನಡಿಯಲ್ಲಿ ನನ್ನನ್ನು ನೋಡಿ, "ಆ ಪುಸ್ತಕ ಇಲ್ಲಿ ಕೊಡು," ಎಂದರು. ಕೊಟ್ಟೆ. ಓದಲು ಬಾರದ ಪುಟವನ್ನು ಅವರು ಗಾಡಿ ನಿಲ್ಲಿಸಿಕೊಂಡು ನೋಡಿದರು. ಹೊಡೆದು ತಿದ್ದಿದ್ದೇನೆಯೇ ಎಂದು ನೋಡುತ್ತಿದ್ದರು. ಹಿಂದಿನ ರಾತ್ರಿ ತಿದ್ದಬೇಕೆಂದು ನನಗೆ ಅನ್ನಿಸಿತ್ತು. ಕೆಳಗೆ ಮಾವನವರ ಸಹಿ ಇದ್ದುದರಿಂದ ಕೈ ಬಂದಿರಲಿಲ್ಲ. ತಪ್ಪು ಇದ್ದ ಹಾಗೆಯೇ ಇತ್ತು.

ಮಾಮಾನ ವಖಾರಿಯಲ್ಲಿ ಮೆಣಸಿನಕಾಯಿಯ ಘಾಟು ಮೂಗಿಗೆ ಹೊಡೆಯಿತು. ಚೀಲಗಳ ನಡುವೆ ಹಾಸಿದ ಗಾದಿಯ ಮೇಲೆ ಕೂರಿಸಿ ಮೊದಲು ನೀರು ಕೊಟ್ಟರು. ಅವರು ಸಂಕೇಶ್ವರದಲ್ಲಿ ಕನ್ನಡ ಶಾಲೆ ಓದಿದವರು. ಯಾದಿ ತೆಗೆದುಕೊಂಡು ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿದರು. ಏಳನೆಯದಕ್ಕೆ ಬಂದು ನಿಂತರು.

"ನಮ್ಮಕ್ಕನ ಮರಣದ ದಾಖಲೆ ನನ್ನ ಹತ್ರ ಯಾಕ ಇರ್ತದವಾ?" ಎಂದು ನನ್ನನ್ನು ಕೇಳಿದರು.

ಅವರು ಮುಂದುವರಿಸಿದರು. "ಹದಿಮೂರರ ದಿನ ಕೇಳಿದ್ನೋ ಇಲ್ಲೋ? ಬಂದೈತಿ, ನಾಕ ಕಾಪಿ ತಗಸೇವಿ ಅಂದಿ. ಅಸಲ ನನ್ನ ಪೆಟ್ಟಿಗ್ಯಾಗ ಐತಿ, ಇಕಿ ಯಾತರ ಕಾಪಿ ತಗಿಸ್ಯಾಳ ಅಂತ ನಾ ಊರ ಮುಟ್ಟೂತನಕ ವಿಚಾರ ಮಾಡೇನಿ. ಆಮ್ಯಾಲ ಅಂದ್ಕೊಂಡೆ, ನಿಮ್ಮ ಮಾಂವ ಇನ್ನೊಂದ ಬರದಿರಬೇಕು, ಇದ ಹಳೇದಾತು ಅಂತ. ಅದಕ್ಕ ಸುಮ್ಮನಾದೆ."

ಹಳೆಯ ಉಯಿಲಿನ ಮೇಲೆ ಹೊಸದು ಬರೆದರೆ ಹೊಸದೇ ನಡೆಯುತ್ತದೆ. ಅವರು ಹಾಗೆ ಎಣಿಸಿದ್ದರಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನ ಒಂದು ಶಬ್ದದಲ್ಲಿತ್ತು. ಅದು ಬರವಣಿಗೆಯಲ್ಲಿ ಒಮ್ಮೆ, ಬಾಯಲ್ಲಿ ಒಮ್ಮೆ, ಹೀಗೆ ಎರಡು ಸಲ ಆಗಿತ್ತು.

ಭಾವ ಕೆಮ್ಮಿದರು. "ಮಾಮಾ, ಒಂದ ಮಾತ. ಅಪ್ಪ ನಿಮಗ ಏನ ಹೇಳಿದ್ದ? ಯಾರಿಗೆ ಕೊಡ ಅಂದಿದ್ದ?"

"ಯಾದಿ ಹಿಡಕೊಂಡ ಬಂದವರಿಗೆ. ಯಾದಿಯಾಗ ಬರದಿರ್ತೇನಿ, ಅದನ್ನ ನೋಡಿ ಕೊಡು ಅಂದಿದ್ದ."

"ಯಾದಿಯಾಗ ಬರದಿಲ್ಲಲ್ಲ."

ಮಾಮಾ ನೋಟುಬುಕ್ಕನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. ವಖಾರಿಯ ಬಾಗಿಲಲ್ಲಿ ಒಬ್ಬ ಹಮಾಲ ಚೀಲ ಹೊತ್ತು ಬಂದ, ಕೈಸನ್ನೆ ಮಾಡಿ ಅವನನ್ನು ಹೊರಗೇ ನಿಲ್ಲಿಸಿದರು. ಭಾವನ ಮಾತು ಸುಳ್ಳಾಗಿರಲಿಲ್ಲ. ಮಾಮಾ ಕೊಡದೇ ಇದ್ದರೆ ಯಾರೂ ಅವರನ್ನು ದೂರುವಂತಿರಲಿಲ್ಲ. ಆತ್ಯಾ ತಮ್ಮ ಒಲೆಯ ಮುಂದೆ ಕುಳಿತಿರುವುದು ನನ್ನ ಕಣ್ಣಿಗೆ ಕಟ್ಟಿತು.

"ಸಾಲ ತಪ್ಪೈತಿ," ಎಂದರು ಮಾಮಾ ಕೊನೆಗೆ. "ಆದ್ರ ಅಸಲ ಅಂತ ಬರದೈತಿ, ಗಡಹಿಂಗ್ಲಜ ಅಂತ ಬರದೈತಿ, ನನ್ನ ಹೆಸರ ಐತಿ. ಕೆಳಗ ಅವನ ಸಹಿ ಐತಿ. ನನ್ನ ಹತ್ರ ಅವನ ಕಾಗದ ಒಂದ ಐತಿ, ಎರಡಿಲ್ಲ. ಹಾಂಗಾದ್ರ ಇದ ಯಾವ ಕಾಗದದ ಸಾಲು? ನೀನ ಹೇಳು."

ಮಾಮಾ ಒಳಗೆ ಹೋಗಿ ಒಂದು ಉದ್ದನೆಯ ಲಕೋಟೆ ತಂದರು. ಕೈಗೆ ಕೊಡಲಿಲ್ಲ. ಮೊದಲು ಎದುರಿನ ಅಂಗಡಿಗೆ ತಾವೇ ನಡೆದು ಮೂರು ಝೆರಾಕ್ಸ್ ಮಾಡಿಸಿದರು. ಒಂದರ ಹಿಂದೆ, ಅಸಲು ನಮಗೆ ಮುಟ್ಟಿದೆ ಎಂದು ಇಬ್ಬರೂ ಅಣ್ಣತಮ್ಮಂದಿರ ಕಡೆಯಿಂದ ಬರೆಸಿ, ತಾರೀಖು ಹಾಕಿಸಿ, ಸಹಿ ಮಾಡಿಸಿಕೊಂಡರು. ಆಮೇಲೆ ಅಸಲನ್ನು ಭಾವನ ಕೈಗಿಟ್ಟರು. "ನೀ ದೊಡ್ಡಾಂವ. ನೀನ ಓದು. ಇಕಿ ಓದೂದ ಬ್ಯಾಡ."

ಒಂದೇ ಹಾಳೆ, ಎರಡೂ ಬದಿ ಟೈಪು, ಸಾದಾ ಕಾಗದ. ಉಯಿಲಿಗೆ ಸ್ಟಾಂಪು ಬೇಕಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಎರಡೂ ಬದಿಗೆ ಮಾವನವರ ಸಹಿ, ಕೊನೆಯಲ್ಲಿ ಇಬ್ಬರು ಸಾಕ್ಷಿಗಳು: ಮಾಮಾ, ಮತ್ತು ಮಾವನವರಿಗೆ ಔಷಧ ಕೊಡುತ್ತಿದ್ದ ಡಾಕ್ಟರು. ಭಾವ ಮರಾಠಿಯಲ್ಲಿ ಗಟ್ಟಿಯಾಗಿ ಓದತೊಡಗಿದರು. ಬುದ್ಧಿ ಸ್ವಸ್ಥವಿರುವಾಗ, ಯಾರ ಒತ್ತಾಯವೂ ಇಲ್ಲದೆ, ನನ್ನ ಸ್ವಂತ ದುಡಿಮೆಯ ಮನೆ. ಪುಟ ತಿರುಗಿಸಿದರು. ಅವರ ಬಾಯಿ ನಿಂತಿತು, ಕಣ್ಣು ಮಾತ್ರ ಸಾಲಿನ ಮೇಲೆ ಓಡಿತು.

"ಓದಣ್ಣಾ," ಎಂದರು ನನ್ನ ಗಂಡ.

ಭಾವ ಓದಿದರು. ಹಿಂದಿನ ಎರಡು ಕೋಣೆ, ಅದರ ಮುಂದಿನ ನಲ್ಲಿ, ಬೀದಿಯಿಂದ ಅಲ್ಲಿಯವರೆಗೆ ನಡೆದು ಹೋಗುವ ದಾರಿ, ಇವು ನನ್ನ ತಂಗಿಗೆ. ಉಳಿದದ್ದು ಇಬ್ಬರು ಮಕ್ಕಳಿಗೆ ಸಮನಾಗಿ. ಓದಿ ಮುಗಿಸಿ ಹಾಳೆಯನ್ನು ಮಡಿಕೆಯ ಗುರುತಿನಲ್ಲೇ ಮಡಿಸಿದರು.

"ದಾರಿನೂ ಬರಸ್ಯಾನ," ಎಂದರು. "ನಮ್ಮನ್ನ ಬರೋಬ್ಬರಿ ಗುರುತ ಹಿಡದಿದ್ದ."

ಮಾಮಾ ಚಹಾ ತರಿಸಿದರು. ಘಾಟಿಗೋ ಏನೋ, ಭಾವನ ಕಣ್ಣು ಕೆಂಪಾಗಿದ್ದವು.

ಮುಂದಿನದು ಅಷ್ಟು ಬೇಗ ಮುಗಿಯಲಿಲ್ಲ. ಅಫಿಡೆವಿಟ್ ಬದಲಾಯಿತು, ಅರ್ಜಿಯ ಜೊತೆ ಮೃತ್ಯುಪತ್ರದ ಪ್ರತಿ ಹೋಯಿತು, ಅಸಲನ್ನು ಸಿಟಿ ಸರ್ವೆ ಸಾಹೇಬರು ತಾಳೆ ನೋಡಿ ಮರಳಿಸಿದರು. ನೋಂದಣಿಯಾಗದ ಪತ್ರವಾದ್ದರಿಂದ ಇಬ್ಬರು ಮಕ್ಕಳಿಗೂ ನೋಟಿಸು ಹೋಗುತ್ತದೆ, ಗಡುವಿನೊಳಗೆ ಯಾರಾದರೂ ತಕರಾರು ಕೊಟ್ಟರೆ ಕೋರ್ಟಿಗೆ ಹೋಗಬೇಕಾಗುತ್ತದೆ ಎಂದು ಹೇಳಿ ಕಳಿಸಿದರು. ಆ ದಿನಗಳಲ್ಲಿ ಭಾವ ಫೋನು ಮಾಡಲಿಲ್ಲ, ನಾವೂ ಮಾಡಲಿಲ್ಲ. ಪೋಸ್ಟಮನ್ ಸೈಕಲ್ಲಿನ ಗಂಟೆ ಕೇಳಿದರೆ ನಾನು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಪಕ್ಕದ ಮಾಲೀಕ ಎರಡು ಸಲ ಬಂದು ಹಿಂದಿನ ಗೋಡೆಯನ್ನು ನೋಡಿ ಹೋದ. ಕೊನೆಯ ದಿನ ನನ್ನ ಗಂಡ ಆಫೀಸಿಗೆ ಹೋಗಿ ಸಂಜೆ ಮುಚ್ಚುವವರೆಗೆ ಬೆಂಚಿನ ಮೇಲೆ ಕುಳಿತಿದ್ದರು. ತಕರಾರು ಬರಲಿಲ್ಲ. ಭಾವ ಒಪ್ಪಿಗೆ ಎಂದು ಬರೆದೂ ಕೊಡಲಿಲ್ಲ, ತಕರಾರೂ ಕೊಡಲಿಲ್ಲ. ಅವರ ಫ್ಲ್ಯಾಟಿನ ಮಾತು ಅಲ್ಲಿಗೆ ನಿಂತಿತು. ಅದಕ್ಕೂ ನಾನು ಕಾರಣ ಎಂಬುದನ್ನು ಅವರು ಮರೆತಿಲ್ಲ, ನಾನೂ ಮರೆತಿಲ್ಲ.

ಹೊಸ ಪ್ರಾಪರ್ಟಿ ಕಾರ್ಡಿನ ನಕಲು ಬಂದ ದಿನ ಆತ್ಯಾನ ಕೋಣೆಗೆ ಹೋದೆ. ಅವರ ಹೆಸರಿರುವ ಜಾಗದ ಮೇಲೆ ಬೆರಳಿಟ್ಟು ತೋರಿಸಿದೆ. ನನ್ನ ಬೆರಳನ್ನು ಸರಿಸಿ ತಮ್ಮ ಬೆರಳಿಟ್ಟರು. ನಕಲನ್ನೂ ಮೃತ್ಯುಪತ್ರದ ಅಸಲನ್ನೂ ಅವರ ಕೈಗೇ ಕೊಡಬೇಕೆಂದು ನನ್ನ ಗಂಡ ಹೇಳಿದ್ದರು, ಕೊಟ್ಟೆ.

"ತಪ್ಪಾತ್ರಿ ಆತ್ಯಾ," ಎಂದೆ.

"ಆತಲ್ಲ. ಈಗೇನ ಮಾಡೂದು," ಎಂದರು. ಚಹಾಕ್ಕೆ ನೀರಿಟ್ಟರು. ಅದು ಅವರ ಒಲೆ, ಅವರ ಪಾತ್ರೆ. ನನಗೂ ಒಂದು ಬಟ್ಟಲು ಕೊಟ್ಟರು.

ನಾನು ನೋಟುಬುಕ್ಕು ತೆರೆದೆ. ಮಾವನವರ ಸಹಿ ಇರುವ ಪುಟಗಳನ್ನು ಮುಟ್ಟದೆ ಮೂರನೆಯ ಪುಟದಲ್ಲಿ ಹೊಸದಾಗಿ ಬರೆಯತೊಡಗಿದ್ದೆ, ಪ್ರತಿ ಶಬ್ದವನ್ನೂ ಆಡಿದವರ ಬಾಯಲ್ಲಿ ಬಂದಂತೆಯೇ, ಕನ್ನಡದಲ್ಲೊಮ್ಮೆ, ಅದರ ಕೆಳಗೆ ನನ್ನ ಗಂಡನ ಕೈಯಿಂದ ಮರಾಠಿಯಲ್ಲೊಮ್ಮೆ. "ಇದನ್ನ ಎಲ್ಲಿ ಇಡ್ತೀರಿ ಹೇಳ್ರಿ, ಬರಕೋತೇನಿ," ಎಂದೆ. "ಮುಂದ ಹುಡಕಾವರಿಗೆ ಸಿಗಬೇಕಲ್ಲ."

ಆತ್ಯಾ ಕಾಗದಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು. "ಹೇಳಾಂಗಿಲ್ಲ."

"ಆತ್ಯಾ, ಹಂಗಂದ್ರ ಹೆಂಗ."

"ನಮ್ಮಣ್ಣ ಹೇಳಿ ಬರಸಿದ್ದ. ಏನಾತು? ನೀ ಚಲೋ ಹುಡುಗಿ ಅದಿ, ಅಕ್ಷರ ಭಾಳ ಚಂದ ಅದಾವ. ಚಹಾ ಕುಡಿ."

ಮತ್ತೆ ಎರಡು ಸಲ ಕೇಳಿದೆ. ಅವರು ಸಕ್ಕರೆ ಸಾಕೇನು ಎಂದು ಕೇಳಿದರು. ಒಳಗೆ ಬಂದು ಬರೆದೆ: ಮೃತ್ಯುಪತ್ರ. ಅಸಲ. ಆತ್ಯಾನ ಹತ್ತರ. ಎಲ್ಲಿ ಅಂತ ಹೇಳಿಲ್ಲ.